ಗುರುಪಾದಯ್ಯನವರ ಹದಿನೈದು ನಿಮಿಷ

ಮಿನಾಜ ತಿಕೋಟಾ ಕಡೆಯ ಒಂದು ತೋಟದ ವಸ್ತಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಎರಡು ತಿಂಗಳಿಂದ ಅಮಾನತಿನಲ್ಲಿದ್ದಳು. ಆಪಾದನೆ ಎರಡು: ಪಾಠದ ನಡುವೆ ನಿದ್ದೆ ಮಾಡುತ್ತಾಳೆ, ಮಕ್ಕಳು ನಗಿಸಿದರೆ ಸತ್ತವರ ಹಾಗೆ ಬಿದ್ದು ನಾಟಕ ಮಾಡುತ್ತಾಳೆ. ನಾಟಕವೆಂದು ಸಾಬೀತಾದರೆ ಕೆಲಸ ಹೋಗುತ್ತದೆ. ರೋಗವೆಂದಾದರೆ ಉಳಿಯುತ್ತದೆ. ಇದನ್ನು ತೀರ್ಮಾನಿಸಲು ಬಬಲೇಶ್ವರದಿಂದ ಗುರುಪಾದಯ್ಯನವರನ್ನು ವಿಚಾರಣಾಧಿಕಾರಿಯಾಗಿ ನೇಮಿಸಲಾಗಿತ್ತು. ಅವರಿಗೆ ಐವತ್ತಾರು ವರ್ಷ. ಮೂವತ್ತು ವರ್ಷದ ನೌಕರಿಯಲ್ಲಿ ಒಂದು ನೋಟಿಸೂ ಬಂದಿಲ್ಲ ಎಂಬುದನ್ನು ಪರಿಚಯವಾದ ಐದನೇ ನಿಮಿಷಕ್ಕೆ ಹೇಳುತ್ತಿದ್ದರು.

ವಿಜಯಪುರದ ಗಾಂಧಿ ಚೌಕದ ಹಿಂದಿನ ಒಂದು ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನಿದ್ದೆ ಪರೀಕ್ಷೆಯ ಎರಡು ಕೋಣೆಗಳಿದ್ದವು. ಹಿಂದಿನ ರಾತ್ರಿಯ ನಿದ್ದೆಯನ್ನು ಅಳೆದಾಗಿತ್ತು. ಮಿನಾಜ ಏಳು ಗಂಟೆ ಮಲಗಿದ್ದಳು, ನಡುನಡುವೆ ಎಚ್ಚರವಾಗಿದ್ದರೂ. ಈಗ ಹಗಲಿನ ಪರೀಕ್ಷೆ. ಒಂಬತ್ತಕ್ಕೆ ಶುರು ಮಾಡಿ ಎರಡೆರಡು ಗಂಟೆಗೊಮ್ಮೆ ಐದು ಸಲ ಕತ್ತಲೆ ಮಾಡಿ ಮಲಗಿಸಬೇಕು. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಬಂದರೆ ಮತ್ತೆ ಹದಿನೈದು ನಿಮಿಷ ನೋಡಬೇಕು. ನಡುವಿನ ಹೊತ್ತಿನಲ್ಲಿ ಕಣ್ಣು ಮುಚ್ಚುವಂತಿಲ್ಲ. ತಂತ್ರಜ್ಞ ಲಾಡಲೇಸಾಬ ಅವಳ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ವೈರು ಅಂಟಿಸಿದ್ದ.

ಒಂಬತ್ತಕ್ಕೆ ಅವಳು ಮೂರು ನಿಮಿಷದಲ್ಲಿ ಮಲಗಿದಳು. ಹನ್ನೊಂದಕ್ಕೆ ಎರಡೇ ನಿಮಿಷ. ಎರಡೂ ಸಲ ಕೆಲವೇ ನಿಮಿಷದಲ್ಲಿ ಕನಸಿನ ನಿದ್ದೆಗೆ ಹೋದಳು.

ಇದರಲ್ಲಿ ತಪ್ಪೇನು ಎಂದು ಗುರುಪಾದಯ್ಯ ಕೇಳಿದರು. ನರರೋಗ ವೈದ್ಯೆ ಪೂನಮ ಕಾಗದದ ಮೇಲೆ ಮೆಟ್ಟಿಲು ಬರೆದು ತೋರಿಸಿದಳು. ಎಲ್ಲರೂ ಮೊದಲು ತೆಳು ನಿದ್ದೆಗೆ ಇಳಿಯುತ್ತಾರೆ, ಆಮೇಲೆ ಸ್ವಲ್ಪ ಗಟ್ಟಿ, ಆಮೇಲೆ ಆಳ. ಸುಮಾರು ಒಂದೂವರೆ ತಾಸಿನ ನಂತರ ಕಣ್ಣುಗುಡ್ಡೆ ಸರಸರ ಆಡುವ ಕನಸಿನ ನಿದ್ದೆ. ಆಗ ಮಿದುಳಿನ ಬುಡದಲ್ಲಿರುವ ಕಾಂಡ ಬೆನ್ನುಹುರಿಗೆ ತಡೆ ಹಾಕುತ್ತದೆ; ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದಲೂ ಓಡುತ್ತಾನೆ. ಎಚ್ಚರವನ್ನು ಹಿಡಿದಿಡುವ ಕೋಶಗಳಲ್ಲೂ ಹೆಚ್ಚಿನವು ಅದೇ ಕಾಂಡದಲ್ಲಿವೆ. ಅವುಗಳನ್ನು ಸತತವಾಗಿ ಚುರುಕಾಗಿಡುವುದು ಕಾಂಡದ ಮೇಲೆ ಕೂತಿರುವ ಹೈಪೋಥಲಾಮಸ್‌ನ ಎಪ್ಪತ್ತು ಸಾವಿರದಷ್ಟು ಕೋಶಗಳು, ಒರೆಕ್ಸಿನ್ ಎಂಬ ರಸದ ಮೂಲಕ. ಮಿನಾಜಳದು ನಾರ್ಕೊಲೆಪ್ಸಿ ಎಂಬ ನಿದ್ದೆಯ ರೋಗವೇ ಆಗಿದ್ದರೆ ಆ ಕೋಶಗಳು ಸತ್ತಿವೆ, ಬಹುಶಃ ದೇಹದ ರಕ್ಷಣಾ ವ್ಯವಸ್ಥೆಯೇ ಅವುಗಳನ್ನು ಕೊಂದಿದೆ. ಚಿಲಕವಿಲ್ಲದ ಬಾಗಿಲು ಗಾಳಿಗೆ ಎರಡೂ ಕಡೆ ಬಡಿದುಕೊಂಡಂತೆ ಅವಳು ಎಚ್ಚರಕ್ಕೂ ನಿದ್ದೆಗೂ ಬೀಳುತ್ತಾಳೆ. ಕೆಲವೊಮ್ಮೆ ಕನಸಿನ ನಿದ್ದೆಯ ಆ ತಡೆಯೊಂದೇ ಎಚ್ಚರದ ನಡುವೆ ನುಗ್ಗುತ್ತದೆ. ನಕ್ಕಾಗ ಬೀಳುವುದು ಅದರಿಂದ. ಕೈಕಾಲು ಸತ್ತಂತಿರುತ್ತವೆ, ಬುದ್ಧಿ ಪೂರ್ತಿ ಎಚ್ಚರವಿರುತ್ತದೆ.

ಗುರುಪಾದಯ್ಯನವರ ನಮೂನೆಯಲ್ಲಿ ‘ಲೋಪಕ್ಕೆ ಹೊಣೆ ಯಾರು’ ಎಂಬ ಕಾಲಂ ಇತ್ತು. ಕಾಂಡವೋ ಹೈಪೋಥಲಾಮಸ್ಸೋ ಎಂದು ಖಚಿತವಾಗಿ ಹೇಳಲು ಕೇಳಿದರು. ಕಾಂಡದ ತಪ್ಪಿಲ್ಲ, ಅದಕ್ಕೆ ಮೇಲಿನಿಂದ ಬರಬೇಕಾದದ್ದು ಬರುತ್ತಿಲ್ಲ ಎಂದಳು ಪೂನಮ. ಸತ್ತ ಕೋಶಗಳ ಜಾಗಕ್ಕೆ ಬೇರೆಯವು ಬರುವುದಿಲ್ಲವೇ ಎಂದರು. ಬರುವುದಿಲ್ಲ ಎಂದಳು. ಅವರು ಬರೆದುಕೊಂಡರು: ‘ಹೈಪೋಥಲಾಮಸ್‌ನಲ್ಲಿ ಹುದ್ದೆಗಳು ಖಾಲಿ. ಭರ್ತಿಗೆ ಅವಕಾಶವಿಲ್ಲ.’

ಆದರೂ ಅವರ ಅನುಮಾನ ಹೋಗಲಿಲ್ಲ.

“ಮೇಡಂ, ಕಣ್ಣ ಮುಚ್ಚಿ ಬಿದ್ಕೊಳ್ಳಾಕ ಯಾರಿಗಿ ಬರೂದಿಲ್ರಿ? ನನಗ ವೈರ್ ಹಚ್ರಿ. ನಾ ನಾಟಕ ಮಾಡಿ ತೋರಸ್ತೀನಿ. ನಿಮ್ಮ ಮಷೀನಿಗಿ ಗೊತ್ತಾಗ್ತೈತೇನ ನೋಡೂಣು.”

ಪೂನಮ ಒಪ್ಪಿದಳು. ಗುರುಪಾದಯ್ಯ ಹನ್ನೆರಡೂವರೆಗೆ ಡಬ್ಬಿ ಬಿಚ್ಚಿ ಮೂರು ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು ಮುಗಿಸಿದರು. ಒಂದು ಗಂಟೆಗೆ ಒಂದನೇ ಕೋಣೆಯಲ್ಲಿ ಮಿನಾಜ, ಎರಡನೇ ಕೋಣೆಯಲ್ಲಿ ವಿಚಾರಣಾಧಿಕಾರಿ ಮಲಗಿದರು. ದೀಪ ಆರಿತು.

ಹೊರಗೆ ಎರಡು ಪರದೆಗಳ ಮುಂದೆ ಲಾಡಲೇಸಾಬ ಕೂತಿದ್ದ. ಮಿನಾಜ ಮೂರನೇ ನಿಮಿಷಕ್ಕೆ ನಿದ್ದೆ, ಏಳನೆಯದಕ್ಕೆ ಕನಸು. ಗದ್ದದ ಸ್ನಾಯುವಿನ ಗೆರೆ ಸಪಾಟಾಯಿತು. ಗುರುಪಾದಯ್ಯನವರ ಪರದೆಯಲ್ಲಿ, ಕಣ್ಣು ಮುಚ್ಚಿಕೊಂಡು ಎಚ್ಚರವಿರುವವರಲ್ಲಿ ಕಾಣುವ ಆಲ್ಫಾ ಅಲೆಗಳು ಸಾಲಾಗಿ ಓಡುತ್ತಿದ್ದವು. ಬಾಯಿಂದ ಸಣ್ಣ ಗೊರಕೆಯನ್ನೂ ಬಿಡುತ್ತಿದ್ದರು. ನಾಟಕ ಚೆನ್ನಾಗಿತ್ತು. ಅಲೆಗಳು ಮಾತ್ರ ನಂಬಲಿಲ್ಲ. ಒಂಬತ್ತನೇ ನಿಮಿಷಕ್ಕೆ ಅಲೆಗಳು ಚದುರಿದವು. ತೆಳು ನಿದ್ದೆ, ಆಮೇಲೆ ಎರಡನೇ ಹಂತ. ಗೊರಕೆಯ ಸ್ವರವೇ ಬದಲಾಯಿತು. ನಿಯಮದಂತೆ ಹದಿನೈದು ನಿಮಿಷ ಬಿಟ್ಟು ಲಾಡಲೇಸಾಬ ಎಬ್ಬಿಸಿದ. ಕನಸಿನ ನಿದ್ದೆಯ ಸುಳಿವೇ ಇರಲಿಲ್ಲ.

“ನಾ ಮಲಗಿಲ್ಲ,” ಎಂದರು ಗುರುಪಾದಯ್ಯ, ಗಲ್ಲದ ಜೊಲ್ಲು ಒರೆಸಿಕೊಳ್ಳುತ್ತ.

ಪೂನಮ ಇಬ್ಬರ ಅಲೆಗಳ ಮುದ್ರಿತ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಳು. ನಾಟಕ ಹೀಗಿರುತ್ತದೆ, ಸಾಮಾನ್ಯ ನಿದ್ದೆ ಹೀಗಿರುತ್ತದೆ, ಮಿನಾಜಳದು ಹೀಗೆ. ಇದಕ್ಕಿಂತ ಸರಳ ಸಾಕ್ಷಿ ಬೇಕೇ ಎಂದಳು. ಗುರುಪಾದಯ್ಯ ತಮ್ಮ ಚಿತ್ರದ ತಲೆಬರಹವನ್ನು ನೋಡುತ್ತಿದ್ದರು. ಲಾಡಲೇಸಾಬ ಪೂರ್ತಿ ಹೆಸರು, ಹುದ್ದೆ, ತಾರೀಖು, ಸಮಯ ಹಾಕಿದ್ದ. ಮಿನಾಜಳ ಮೇಲಿನ ಮೊದಲ ಆಪಾದನೆಯೇ ಕರ್ತವ್ಯದ ವೇಳೆ ನಿದ್ದೆ. ವರದಿಗೆ ಈ ಚಿತ್ರ ಲಗತ್ತಿಸಿದರೆ ಅದೇ ಕಲಮು ಅವರಿಗೂ ಅನ್ವಯಿಸುತ್ತದೆ.

ಅರ್ಧ ದಿನ ರಜೆ ಹಾಕಿದರೆ ಹೇಗೆ ಎಂದು ಗಟ್ಟಿಯಾಗಿ ಯೋಚಿಸಿದರು. ರಜೆಯಲ್ಲಿದ್ದವನು ವಿಚಾರಣೆ ನಡೆಸುವಂತಿಲ್ಲ, ವಿಚಾರಣೆಯೇ ರದ್ದು. ಕೊನೆಗೆ ಪೂನಮಳ ಕಡೆ ತಿರುಗಿದರು.

“ನನಗೂ ಅದ ರೋಗ ಐತಿ ಅಂತ ಬರದ ಕೊಡ್ರಿ.”

“ನಿಮ್ಮ ಹೈಪೋಥಲಾಮಸ್ ಗಟ್ಟಿಮುಟ್ಟ ಐತ್ರಿ. ನಿಮಗ ಇರೂದ ಎಣ್ಣಿಗಾಯಿ.”

ಬಾಗಿಲಲ್ಲಿ ನಿಂತಿದ್ದ ಮಿನಾಜ ನಕ್ಕಳು. ಮೊದಲು ಅವಳ ದವಡೆ ಜೋತುಬಿತ್ತು, ತಲೆ ಬಾಗಿತು, ಮಂಡಿಗಳು ಮಡಚಿದವು. ಲಾಡಲೇಸಾಬ ಓಡಿ ತಲೆ ಹಿಡಿದು ನೆಲಕ್ಕೆ ಮಲಗಿಸಿದ. ಪೂನಮ ನಾಡಿ ನೋಡಿದಳು, ಒಂದೆರಡು ನಿಮಿಷದಲ್ಲಿ ತಾನೇ ಏಳುತ್ತಾಳೆ ಎಂದಳು. ಅಷ್ಟರಲ್ಲಿ ಕೆಳಗಿನಿಂದ ಕರೆ ಬಂದು ಇಳಿದುಹೋದಳು.

ಮಿನಾಜಳ ರೆಪ್ಪೆಗಳು ಅರ್ಧ ಮುಚ್ಚಿದ್ದವು. ಗುರುಪಾದಯ್ಯ ಒಮ್ಮೆ ನೋಡಿ, ಮಲಗಿದ್ದಾಳೆ ಎಂದು ತಾವೇ ನಿರ್ಧರಿಸಿಕೊಂಡು, ಲಾಡಲೇಸಾಬನ ಕಿವಿಯ ಹತ್ತಿರ ಬಗ್ಗಿದರು.

“ತಮ್ಮಾ, ನಂದಷ್ಟು ಅಳಿಸಿ ಬಿಡು. ಹೋಲಸಾಕ ಏನೂ ಇಲ್ಲಂದ್ರ ‘ನಾಟಕ ಇರಬಹುದು’ ಅಂತ ಬರದ ಮುಗಸ್ತೀನಿ. ಆಕಿ ಇನ್ನಾ ಸಣ್ಣಾಕಿ ಅದಾಳ, ಬ್ಯಾರೆ ನೌಕರಿ ಸಿಗತೈತಿ. ನನಗ ಇನ್ನ ನಾಕ ವರ್ಷ ಅಷ್ಟ ಉಳದಾವ.”

ಲಾಡಲೇಸಾಬ ಇನ್ನೂ ನೆಲದ ಮೇಲೆಯೇ ಕೂತಿದ್ದ. ಕೈಯಲ್ಲಿ ಅವಳ ತಲೆಯಿತ್ತು. ಮಿನಾಜಳ ತುಟಿ ಅಲುಗಿತು, ಬೆರಳು ಮಡಚಿತು. ಅವಳು ಎದ್ದು ಗೋಡೆಗೆ ಒರಗಿ ಕೂತು, ಓಢಣಿ ಸರಿಮಾಡಿಕೊಂಡಳು.

“ಸರ, ನಿಮಗ ನಾಕ ವರ್ಷ. ನನಗ ಮೂವತ್ತಮೂರ ವರ್ಷ ಉಳದಾವ್ರಿ,” ಎಂದಳು. “ಬಿದ್ದಾಗ ನನಗ ಎಲ್ಲಾ ಕೇಳಸ್ತದ. ಮೇಡಂ ಮುಂಜಾನೆನ ಹೇಳಿದ್ರು. ನೀವ ಬರಕೊಂಡೀರಿ.”

ಗುರುಪಾದಯ್ಯ ವಹಿ ತೆರೆದು ನೋಡಿದರು. ‘ಬುದ್ಧಿ ಪೂರ್ತಿ ಎಚ್ಚರ’ ಎಂದು ಬರೆದುಕೊಂಡಿದ್ದರು, ಅದೂ ಕೆಳಗೆ ಗೆರೆ ಎಳೆದು. ಸಾಕ್ಷಿ ಅಳಿಸಲು ಹೇಳಿದ ಮಾತಿಗೆ ಈಗ ಇಬ್ಬರು ಸಾಕ್ಷಿಗಳಿದ್ದರು. ಅದಕ್ಕೆ ಹೋಲಿಸಿದರೆ ಹದಿನೈದು ನಿಮಿಷದ ನಿದ್ದೆ ಸಣ್ಣ ಅಪರಾಧ. ಮೂರು ಗಂಟೆಯ ಮತ್ತು ಐದು ಗಂಟೆಯ ನಿದ್ದೆಗಳು ಮುಗಿಯುವವರೆಗೆ ಅವರು ನಿಂತೇ ಇದ್ದರು, ಕುರ್ಚಿ ಕೊಟ್ಟರೂ ಕೂರಲಿಲ್ಲ.

ಅವರ ವರದಿ ಹನ್ನೊಂದು ಪುಟವಾಯಿತು. ಎಂಟನೆಯ ಪುಟದಲ್ಲಿ ಹೀಗಿತ್ತು: ‘ಸದರಿ ವಿಚಾರಣಾಧಿಕಾರಿಯು ಒಂದು ಗಂಟೆ ಒಂಬತ್ತು ನಿಮಿಷಕ್ಕೆ, ನಟಿಸುವ ಪ್ರಾಮಾಣಿಕ ಪ್ರಯತ್ನದಲ್ಲಿದ್ದಾಗಲೇ, ನಿಜವಾಗಿ ನಿದ್ರಿಸಿರುತ್ತಾನೆ.’ ಮೂರು ವಾರಕ್ಕೆ ಅವರಿಗೆ ಕಾರಣ ಕೇಳಿ ನೋಟಿಸು ಬಂತು, ನೌಕರಿಯ ಮೊದಲನೆಯದು. ಅದೇ ಟಪಾಲಿನಲ್ಲಿ ಮಿನಾಜಳ ಅಮಾನತು ರದ್ದಾದ ಆದೇಶವೂ ಹೊರಟಿತು. ರೋಗ ವಾಸಿಯಾಗುವುದಿಲ್ಲ, ಮಾತ್ರೆಯಿಂದ ಹಿಡಿತದಲ್ಲಿರುತ್ತದೆ. ಆದ್ದರಿಂದ ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ ಮಲಗಲು ಅನುಮತಿ. ನಿದ್ದೆ ಆರಂಭವಾದ ಕ್ಷಣದಲ್ಲಿ ವಹಿಯಲ್ಲಿ ಸಹಿ ಮಾಡತಕ್ಕದ್ದು. ಮೂರನೇ ಷರತ್ತು ಮಕ್ಕಳಿಗೆ: ಶಾಲೆಯ ಆವರಣದಲ್ಲಿ ಸದರಿ ಶಿಕ್ಷಕಿಯನ್ನು ಯಾರೂ ನಗಿಸತಕ್ಕದ್ದಲ್ಲ.

ಸೋಮವಾರ ಪ್ರಾರ್ಥನೆಯ ನಂತರ ಮುಖ್ಯೋಪಾಧ್ಯಾಯರು ಆದೇಶವನ್ನು ಗಂಭೀರವಾಗಿ ಓದಿದರು. ಸಹಿಯ ಷರತ್ತಿಗೆ ಬರುವಷ್ಟರಲ್ಲೇ ಮಿನಾಜ, ನಗು ಬರುತ್ತಿರುವುದು ಗೊತ್ತಾಗಿ, ಚಪ್ಪಲಿ ಬಿಟ್ಟು, ಒಂದನೇ ತರಗತಿಯ ಸಾಲಿನ ಪಕ್ಕ ನೆಲದ ಮೇಲೆ ಕೂತು, ಕಂಬಕ್ಕೆ ಬೆನ್ನು ಕೊಟ್ಟಿದ್ದಳು.