ಅತ್ತಿಗೆ ಕೇಳಿದ್ದು ಒಂದೇ ಸಲ

ಆ ಪಾರ್ಲರಿನ ಯಜಮಾನಿ ಕೆಟ್ಟವಳೇನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅವಳ ಒಳ್ಳೆಯತನವೇ ಕಾರಣ. ಕೆಟ್ಟವಳಾಗಿದ್ದರೆ ಹಳೇ ಪದ್ಧತಿಯನ್ನೇ ನಡೆಸಿಕೊಂಡು ಹಾಯಾಗಿರುತ್ತಿದ್ದಳು.

ಹಳೇ ಪದ್ಧತಿಯಲ್ಲಿ ಯಾರು ಎಷ್ಟು ಹೆಚ್ಚಿಗೆ ಕೆಲಸ ಹಿಡಿಯುತ್ತಾರೋ ಅವರಿಗಷ್ಟು ಕಮಿಷನ್. ಹುಬ್ಬು ತಿದ್ದಿಸಲು ಬಂದವರಿಗೆ ಫೇಶಿಯಲ್, ಕೂದಲು ಕತ್ತರಿಸಿಕೊಳ್ಳಲು ಬಂದವರಿಗೆ ಹೇರ್ ಸ್ಪಾ. ಬಾಯಿ ಜೋರಿದ್ದ ಹುಡುಗಿ, ಎಲ್ಲರೂ ಅವಳನ್ನು ಪಟಾಕಿ ಎನ್ನುತ್ತಿದ್ದರು, ಬಂದವರ ಮುಖವನ್ನು ದೀಪದ ಕೆಳಗೆ ತಿರುಗಿಸಿ "ಅಯ್ಯೋ, ಎಷ್ಟು ಕಪ್ಪಾಗಿದೆ" ಎಂದು ಶುರು ಮಾಡಿದಳೆಂದರೆ ಸಾಕು. ಒಮ್ಮೆ ಯಾವಳೋ ಕಾಲೇಜು ಹುಡುಗಿ ಬಿಲ್ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. ಯಜಮಾನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಅದಾದ ಮೇಲೆ ಅವಳು ಕೂತು ತಲೆ ಕೆಡಿಸಿಕೊಂಡು ಹೊಸ ಪದ್ಧತಿ ಮಾಡಿದಳು. ಇನ್ನು ಟಾರ್ಗೆಟ್ ಒಬ್ಬೊಬ್ಬರದಲ್ಲ, ಇಡೀ ಅಂಗಡಿಯದು. ಹಿಂದಿನ ತಿಂಗಳುಗಳಲ್ಲಿ ಎಷ್ಟಾಗಿತ್ತೋ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಗಿರಾಕಿ ಕಡಿಮೆ ಇರುವ ತಿಂಗಳಲ್ಲಿ ಅದನ್ನೂ ಇಳಿಸುವುದು. ಕೂದಲು, ಚರ್ಮ ನೋಡಿ, ಬೇಕು ಅನ್ನಿಸಿದರೆ ಮಾತ್ರ ಹೇಳಬೇಕು. ಬೆಲೆ ಮೊದಲೇ ಹೇಳಬೇಕು. ಒಂದೇ ಸಲ ಕೇಳಬೇಕು, ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಗಿರಾಕಿ ಆಮೇಲೆ ಬೇಸರಪಟ್ಟರೆ ಆ ದುಡ್ಡು ಲೆಕ್ಕಕ್ಕಿಲ್ಲ. ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ ಮೂವರಿಗೂ ಸಮಪಾಲು, ಮುಟ್ಟದಿದ್ದರೆ ಯಾರಿಗೂ ಇಲ್ಲ. ಎಷ್ಟು ಬಾಕಿ ಇದೆ ಅನ್ನುವುದನ್ನು ಹಿಂದಿನ ಕೋಣೆಯ ಬಿಳಿ ಬೋರ್ಡಿನ ಮೇಲೆ ದಿನಾ ಬರೆಯುವುದು. ತನ್ನ ಜಾಣತನಕ್ಕೆ ತಾನೇ ಬೀಗಿದಳು ಪಾಪ.

ಮೂವರು ಅಂದರೆ ಪಟಾಕಿ, ಕೂದಲಿಗೆ ಬಣ್ಣ ಹಾಕುವ, ಗುಂಗುರು ಎಂದೇ ಎಲ್ಲರೂ ಕರೆಯುವ ಹುಡುಗಿ, ಮತ್ತು ಅತ್ತಿಗೆ. ಅತ್ತಿಗೆ ಯಜಮಾನಿಯ ತೀರಿಹೋದ ಅಣ್ಣನ ಹೆಂಡತಿ. ಅಂಗಡಿ ಶುರುವಾದದ್ದೇ ಮನೆಯ ಮುಂದಿನ ಕೋಣೆಯಲ್ಲಿ, ಒಂದು ಕುರ್ಚಿ ಮತ್ತು ಅತ್ತಿಗೆಯ ಎರಡು ಕೈ ಇಟ್ಟುಕೊಂಡು. ಅವಳು ತಲೆ ತೊಳೆಯಲು ನಿಂತರೆ ಗಿರಾಕಿಗಳು ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಆದರೆ ಬಾಯಿಬಿಟ್ಟು ಏನನ್ನೂ ಮಾರಿದವಳಲ್ಲ. ಯಜಮಾನಿಗೆ ಅದು ಗೊತ್ತಿತ್ತು. ಅತ್ತಿಗೆಗೂ ನಾಲ್ಕು ಕಾಸು ಸೇರಲಿ ಅಂತಲೇ ಸಮಪಾಲು ಮಾಡಿದ್ದು.

ಮೊದಲ ತಿಂಗಳು ಟಾರ್ಗೆಟ್ ಕೂದಲೆಳೆಯಲ್ಲಿ ತಪ್ಪಿತು. ಯಾರೂ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಚಹಾ ತರಿಸುವಾಗ ಅತ್ತಿಗೆಯ ಲೋಟ ಮರೆತುಹೋಗತೊಡಗಿತು. ಹೊಸ ಗಿರಾಕಿ ಬಂದರೆ ಗುಂಗುರು ಓಡಿಹೋಗಿ ತನ್ನ ಕುರ್ಚಿಗೆ ಕೂರಿಸಿಕೊಳ್ಳುತ್ತಿದ್ದಳು. ಬೋರ್ಡಿನ ಮುಂದೆ ನಿಂತು ಪಟಾಕಿ, "ಕೆಲವರಿಗೇನಪ್ಪಾ, ಕೂತಲ್ಲೇ ಪಾಲು ಬರುತ್ತೆ" ಎಂದು ಗೋಡೆಗೆ ಹೇಳುತ್ತಿದ್ದಳು. ಗಿರಾಕಿಗಳ ಮೇಲೆ ಒತ್ತಡ ಹಾಕಬಾರದು ಎಂದು ಯಜಮಾನಿ ನಿಯಮ ಮಾಡಿದ್ದಳೇ ಹೊರತು ಒಬ್ಬರ ಮೇಲೊಬ್ಬರು ಹಾಕಬಾರದು ಎಂದು ಮಾಡಿರಲಿಲ್ಲ. ಕೌಂಟರಿನಲ್ಲಿ ಕೂತವಳಿಗೆ ಹಿಂದಿನ ಕೋಣೆಯ ಮಾತು ಕೇಳುತ್ತಲೂ ಇರಲಿಲ್ಲ.

ಎರಡನೇ ತಿಂಗಳ ಕೊನೆಯ ದಿನ ಬೋರ್ಡಿನಲ್ಲಿ ಸ್ವಲ್ಪ ಬಾಕಿ ಉಳಿದಿತ್ತು. ಸಂಜೆ ಲೈಬ್ರರಿ ಮೇಡಂ ಬಂದರು. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವರ್ಷಗಳಿಂದ ವಾರಕ್ಕೊಮ್ಮೆ ಬಂದು ಅತ್ತಿಗೆಯ ಕೈಯಲ್ಲೇ ತಲೆ ತೊಳೆಸಿಕೊಂಡು ಹೋಗುತ್ತಿದ್ದರು, ಬೇರೇನೂ ಇಲ್ಲ. ಅವತ್ತು ಅತ್ತಿಗೆ ಅವರ ಕಿವಿಯ ಬಳಿ ಬಗ್ಗಿ ಏನೋ ಹೇಳಿದಳು. ಕೂದಲು ಉದುರುವುದಕ್ಕೆ ಆರು ಸಿಟ್ಟಿಂಗಿನ ಪ್ಯಾಕೇಜ್, ಬೆಲೆ ಇಷ್ಟು. ಒಂದೇ ಸಲ ಕೇಳಿದಳು. ನಿಯಮ ಎಳ್ಳಷ್ಟೂ ಮುರಿಯಲಿಲ್ಲ. ಮೇಡಂ ಕನ್ನಡಿಯಲ್ಲಿ ಅವಳ ಮುಖವನ್ನೊಮ್ಮೆ ನೋಡಿ ಆಗಲಿ ಎಂದರು.

ಟಾರ್ಗೆಟ್ ಮುಟ್ಟಿತು. ಪಟಾಕಿ ಅತ್ತಿಗೆಯನ್ನು ತಬ್ಬಿಕೊಂಡಳು, ಗುಂಗುರು ತಾನೇ ಹೋಗಿ ಚಹಾ ತಂದಳು. ಯಜಮಾನಿ, "ನೋಡಿದ್ರಾ ಅತ್ತಿಗೆ, ನಿಮಗೂ ಬರುತ್ತೆ" ಎಂದು ಬೆನ್ನು ತಟ್ಟಿದಳು. ಆ ಮಾತನ್ನು ನೆನೆಸಿಕೊಂಡರೆ ಈಗಲೂ ಅವಳಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಅತ್ತಿಗೆ ನಗಲಿಲ್ಲ. ಅವಳ ಪಾಲಿನ ಕವರ್ ಗಲ್ಲಾದಲ್ಲೇ ಉಳಿಯಿತು.

ಮುಂದಿನ ವಾರ ಮೇಡಂ ಬಂದಾಗ ಅತ್ತಿಗೆ ತಲೆನೋವೆಂದು ಪರದೆಯ ಹಿಂದೆ ಹೋಗಿ ಕೂತಳು. ಹೀಗೆಂದೂ ಆಗಿರಲಿಲ್ಲ. ಯಜಮಾನಿಯೇ ತೋಳು ಏರಿಸಿಕೊಂಡು ತಲೆ ತೊಳೆಯಲು ನಿಂತಳು. ನೀರು ಬಿಟ್ಟದ್ದೇ ತಡ, ಬೆರಳಿಗೆ ಕೂದಲು ಗೊಂಚಲು ಗೊಂಚಲಾಗಿ ಬಂತು. ಅವಳು ತಟ್ಟನೆ ನೀರು ನಿಲ್ಲಿಸಿದಳು. ಮೇಡಂ ಕಣ್ಣು ಮುಚ್ಚಿಕೊಂಡೇ, ಗಾಬರಿಯಾಗಬೇಡಮ್ಮ, ನಾನು ನುಂಗುವ ಮಾತ್ರೆಯಿಂದ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ಯಾವ ಕ್ರೀಮಿಗೂ ನಿಲ್ಲುವುದಿಲ್ಲವಂತೆ ಎಂದರು.

"ಮತ್ತೆ ಪ್ಯಾಕೇಜ್ ಯಾಕೆ ತಗೊಂಡ್ರಿ ಮೇಡಂ?"

"ಇಷ್ಟು ವರ್ಷದಲ್ಲಿ ನಿಮ್ಮತ್ತಿಗೆ ಬಾಯಿಬಿಟ್ಟು ಏನೂ ಕೇಳಿರ್ಲಿಲ್ಲ. ಅವತ್ತು ಕೇಳೋವಾಗ ತಲೆ ಎತ್ತಿ ನನ್ನ ಮುಖ ನೋಡ್ಲಿಲ್ಲ. ಮನೇಲಿ ಏನೋ ಕಷ್ಟ ಇರ್ಬೇಕು ಅನ್ಕೊಂಡೆ. ಹೇಗಮ್ಮ ಇಲ್ಲ ಅನ್ನೋದು?"

ಪರದೆಯ ಹಿಂದೆ ಸ್ಟೂಲು ಸರಿದ ಸದ್ದಾಯಿತು. ಬಾಕಿ ಸಿಟ್ಟಿಂಗಿನದ್ದಷ್ಟೇ ಅಲ್ಲ, ಪೂರ್ತಿ ದುಡ್ಡನ್ನೂ ಯಜಮಾನಿ ಮೇಡಂ ಕೈಗೆ ತುರುಕಿ ಕಳಿಸಿದಳು. ಅವರು ಬೇಡವೆಂದು ಎಷ್ಟು ಹೇಳಿದರೂ ಬಿಡಲಿಲ್ಲ.

ಅತ್ತಿಗೆ ಆಗಲೇ ಏಪ್ರನ್ ಮಡಚಿಟ್ಟಿದ್ದಳು. ಯಜಮಾನಿ ಬೋರ್ಡಿನ ಮೇಲಿದ್ದುದನ್ನು ಅಂಗೈಯಿಂದಲೇ ಒರೆಸಿದಳು. ಮುಟ್ಟಿದರೆ ಎಲ್ಲ, ಮುಟ್ಟದಿದ್ದರೆ ಏನೂ ಇಲ್ಲ ಅನ್ನುವುದನ್ನು ತೆಗೆದುಹಾಕುತ್ತೇನೆ, ಎಷ್ಟಾಗುತ್ತದೋ ಅಷ್ಟಕ್ಕೆ ಕೊಡುತ್ತೇನೆ, ಗಿರಾಕಿ ಯಾರನ್ನು ಹುಡುಕಿಕೊಂಡು ಮತ್ತೆ ಬರುತ್ತಾರೋ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ, ಆ ಲೆಕ್ಕದಲ್ಲಿ ನಿಮ್ಮನ್ನು ಮೀರಿಸುವವರೇ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಎರಡು ತಿಂಗಳ ಹಿಂದೆ ಹೇಳಬೇಕಿತ್ತು ಅಷ್ಟೆ. ಅತ್ತಿಗೆ ಅವಳ ಕೆನ್ನೆಗೆ ಕೈ ಇಟ್ಟಳು.

"ನಿನ್ನ ಮೇಲೆ ಕೋಪ ಇಲ್ಲ ಕಣೆ. ನಾನು ಮೋಸ ಮಾಡ್ದೆ ಅಂತ ಒದ್ದಾಡ್ತಿದ್ದೆ. ನೋಡಿದ್ರೆ ಅವರು ನನಗೆ ಭಿಕ್ಷೆ ಹಾಕಿದ್ದು. ಇನ್ನು ನಾನು ಅವರ ತಲೆ ಮುಟ್ಟಿದ್ರೆ, ಇವತ್ತೇನು ಕೇಳ್ತಾಳೋ ಅಂತ ಅವರು ಕಾಯ್ತಾರೆ. ಆ ಕೈಯಲ್ಲಿ ನಾನು ಹೇಗೆ ತೊಳೀಲಿ?"

ಅವಳು ಹೋದಳು. ಈಗ ಯಾವುದೋ ಹಾಸ್ಟೆಲಿನಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳಂತೆ, ಅಲ್ಲಿ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಹೊಸ ನಿಯಮಗಳು ಬಂದವು, ಬೋರ್ಡು ಹೋಯಿತು. ಪಟಾಕಿಯೂ ಗುಂಗುರುವೂ ಕೆಲವು ದಿನ ತಲೆ ಎತ್ತದೆ ಕೆಲಸ ಮಾಡಿದರು. ಬಿಲ್ ನೋಡಿ ಯಾರೂ ಅಳುವುದಿಲ್ಲ.

ಲೈಬ್ರರಿ ಮೇಡಂ ಮತ್ತೆ ಬಂದರು. ತಲೆಯಲ್ಲಿ ಕೂದಲು ಅಲ್ಲಿಷ್ಟು ಇಲ್ಲಿಷ್ಟು ಉಳಿದಿತ್ತು. ಅತ್ತಿಗೆ ಎಲ್ಲಿ ಎಂದು ಕೇಳಿದರು. ಯಜಮಾನಿ, "ಕೆಲಸ ಬಿಟ್ರು" ಎಂದಷ್ಟೇ ಹೇಳಿ, ಕತ್ತಿನ ಸುತ್ತ ಟವೆಲ್ ಹೊದಿಸಿ, ನೀರು ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿದಳು. ಮೇಡಂ ಮಡಿಲಲ್ಲಿದ್ದ ಪರ್ಸಿನ ಜಿಪ್ ತೆರೆದು, ಕನ್ನಡಿಯಲ್ಲಿ ಯಜಮಾನಿಯ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು:

"ಇವತ್ತು ಏನಾದ್ರೂ ಹೆಚ್ಚಿಗೆ ಮಾಡಿಸ್ಕೋಬೇಕಾ ಅಮ್ಮ?"