ಶಿವಲೀಲಾ ಟೀಚರ್ ಹೆಬ್ಬೆರಳು

ತಾವರಗೇರಾದ ಆ ಓಣಿಯಲ್ಲಿ ಅಂಗನವಾಡಿ ಟೀಚರ್ ಶಿವಲೀಲಾಳ ಕೈನೋವು ಎಲ್ಲರಿಗೂ ಗೊತ್ತಿತ್ತು. ಬಲ ಹೆಬ್ಬೆರಳಿನ ಬುಡದಲ್ಲಿ ಎದ್ದ ನೋವು ಮುಂಗೈಯುದ್ದಕ್ಕೂ ಹತ್ತಿ ಮೊಣಕೈವರೆಗೆ ಜಗ್ಗುತ್ತಿತ್ತು. ಮಕ್ಕಳನ್ನು ತೂಕಕ್ಕೆ ಎತ್ತುವಾಗ, ಕೀಲಿ ತಿರುವುವಾಗ, ಕಡೆಗೆ ಸೀರೆಯ ನೆರಿಗೆ ಹಿಡಿಯುವಾಗಲೂ ಚಳುಕು ಹೊಡೆಯುತ್ತಿತ್ತು.

"ಏನ್ ಮಾಡೂದ್ರಿ, ಇಲಾಖೆದ ಆ್ಯಪ್. ಹಾಜರಿ, ತೂಕ, ಊಟದ ಫೋಟೋ, ಎಲ್ಲಾ ಫೋನ್‌ನ್ಯಾಗ ಹಾಕಬೇಕು. ಕೈ ಹೋತು ನೋಡ್ರಿ" ಎಂದು ಮೊದಲ ಸಲ ಹೇಳಿದಾಗ ಅದು ಸುಳ್ಳೆಂದು ಅವಳಿಗೇ ಅನಿಸಿರಲಿಲ್ಲ. ಹತ್ತು ಮಂದಿಗೆ ಹೇಳುವಷ್ಟರಲ್ಲಿ ಅವಳೇ ಅದನ್ನು ನಂಬಿಬಿಟ್ಟಿದ್ದಳು.

ಅವಳಿಗಿಂತ ಹೆಚ್ಚು ನಂಬಿದವಳು ಸಹಾಯಕಿ ಜೋಹರಾಬಿ. ಐವತ್ತು ದಾಟಿದ ಹೆಂಗಸು, ಹೆಚ್ಚು ಮಾತಿಲ್ಲ. "ನೀವು ಕುಂದರ್ರಿ ಟೀಚರ್" ಎಂದು ಎರಡು ತಿಂಗಳಿಂದ ತನ್ನ ಕೆಲಸದ ಜೊತೆ ಟೀಚರ್ ಕೆಲಸವನ್ನೂ ಮಾಡುತ್ತಿದ್ದಳು. ಮಕ್ಕಳನ್ನು ಎತ್ತಿ ತೂಗುವುದು, ಕಪಾಟಿನಿಂದ ದಾಖಲೆ ಪುಸ್ತಕ ಇಳಿಸುವುದು, ಮನೆಮನೆಗೆ ಹೋಗಿ ಗರ್ಭಿಣಿಯರನ್ನು ಕರೆದು ಬರುವುದು, ಎಲ್ಲ ಅವಳದೇ. ಗಂಗಾವತಿಯಲ್ಲಿ ಮಗಳು ನಾಹೀದಾ ಚೊಚ್ಚಲು ಹೆತ್ತಾಗ ಎಂಟು ದಿನ ರಜೆ ಹಾಕಬೇಕೆಂದಿದ್ದವಳು, ಭಾನುವಾರ ಹೋಗಿ ಕೂಸಿನ ಮುಖ ನೋಡಿ, ಸೋಮವಾರ ಬೆಳಿಗ್ಗೆ ಅಂಗನವಾಡಿಯ ಒಲೆಯ ಮುಂದೆ ನಿಂತಿದ್ದಳು.

"ಯಾಕ ಇಷ್ಟು ಲಗೂ ಬಂದೆಕ್ಕಾ?" ಎಂದು ಶಿವಲೀಲಾ ಕೇಳಿದ್ದಳು.

"ನಿಮ್ಮ ಕೈ ಆರಾಮಿಲ್ಲಲ್ರಿ. ಒಬ್ಬಾಕಿನ ಬಿಟ್ಟು ಹೆಂಗ ಇರ್ಲಿ?"

ಆವತ್ತು ಶಿವಲೀಲಾ ಫೋನು ಹಿಡಿದು ಒಳಗೆ ಹೋಗಿದ್ದಳು.

ಸುತ್ತಲಿನ ಊರುಗಳ ಟೀಚರುಗಳ ಮುಂದಾಳು ದುರ್ಗಾದೇವಿ ಈ ಕೈನೋವನ್ನು ಸುಮ್ಮನೆ ಬಿಡಲಿಲ್ಲ. ಆ್ಯಪ್ ಕೆಲಸ ಕಡಿಮೆ ಮಾಡಿರೆಂದು ಮೇಲಧಿಕಾರಿಗೆ ಮನವಿ ಬರೆದು, ಅದರಲ್ಲಿ ಶಿವಲೀಲಾಳ ಹೆಸರನ್ನೇ ಮೊದಲು ಹಾಕಿದಳು. "ಡಾಕ್ಟರ್ ಚೀಟಿ ಒಂದು ತಗೊಂಬಾ. ಚೀಟಿ ಇದ್ರ ನಮ್ಮ ಮಾತಿಗೆ ತೂಕ ಬರ್ತದ" ಎಂದಳು.

ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ಶಿವಲೀಲಾ ಕುಷ್ಟಗಿಯ ಆಸ್ಪತ್ರೆಗೆ ಹೊರಟಳು. ಚೀಲ ಹಿಡಿಯಲೆಂದು ಜೋಹರಾಬಿಯೂ ಬಂದಳು. ಡಾಕ್ಟರು ನೋಡಿ, ಪಕ್ಕದ ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಸಹನಾ ಎಂಬ ಮೂವತ್ತರ ಹೆಣ್ಣುಮಗಳು.

"ಹೆಬ್ಬೆರಳು ಒಳಗಿಟ್ಟು ಮುಷ್ಟಿ ಮಾಡ್ರಿ. ಈಗ ಸಾವಕಾಶ ಕಿರುಬೆರಳ ಕಡೆ ಕೈ ಬಗ್ಗಿಸ್ರಿ."

ಬಗ್ಗಿಸಿದ್ದೇ ತಡ, ಶಿವಲೀಲಾ "ಯಪ್ಪಾ!" ಎಂದು ಕೈ ಎಳೆದುಕೊಂಡಳು.

"ಹೆಬ್ಬೆರಳ ನರ ಅಂತೀವಲ್ರಿ, ಅದರ ಮ್ಯಾಲಿನ ಪೊರೆ ಬಾತದ. ಒಂದ ಕೆಲಸ ಮತ್ತ ಮತ್ತ ಮಾಡಿದ್ರ ಹಿಂಗ ಆಗ್ತದ" ಎಂದು ಸಹನಾ ಫೋನನ್ನು ಅವಳ ಕೈಗಿಟ್ಟಳು. "ದಿನಾ ಹೆಂಗ ಹಿಡೀತೀರಿ, ತೋರಸ್ರಿ."

ಶಿವಲೀಲಾ ಯೋಚಿಸಲಿಲ್ಲ. ಕೈ ತಾನೇ ತೋರಿಸಿತು. ಕಿರುಬೆರಳು ಫೋನಿನ ಅಡಿಗೆ ಹೋಯಿತು, ಮೂರು ಬೆರಳು ಬೆನ್ನಿಗೆ ಆತುಕೊಂಡವು, ಹೆಬ್ಬೆರಳು ಪರದೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿತು. ಮತ್ತೆ ತಳ್ಳಿತು. ಇನ್ನೊಮ್ಮೆ.

ಸಹನಾ ಅದನ್ನೇ ನೋಡುತ್ತಿದ್ದಳು. "ಹಾಜರಿ ಹಾಕಾಕ ಹಿಂಗ ಮ್ಯಾಲ ಮ್ಯಾಲ ತಳ್ಳಬೇಕೇನ್ರಿ?"

ಶಿವಲೀಲಾಳ ಹೆಬ್ಬೆರಳು ನಿಂತಿತು.

"ಯಾವುದಕ್ಕ ಎಷ್ಟು ಹೊತ್ತು ಅಂತ ಫೋನೇ ಹೇಳ್ತದ, ನೋಡೂನ್ರಿ" ಎಂದು ಸಹನಾ ಸೆಟ್ಟಿಂಗ್ಸ್ ತೆರೆಸಿದಳು. ಫೋನು ಕನ್ನಡದಲ್ಲೇ ಇತ್ತು. ಹಿಂದಿನ ದಿನ ಇಲಾಖೆಯ ಆ್ಯಪ್ ಮೂವತ್ತೆಂಟು ನಿಮಿಷ. ವಿಡಿಯೋ ಐದು ತಾಸು ಹನ್ನೆರಡು ನಿಮಿಷ. ಅದರ ಹಿಂದಿನ ದಿನವೂ ಹೆಚ್ಚುಕಡಿಮೆ ಅಷ್ಟೇ.

ಜೋಹರಾಬಿ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದಳು. ದಾಖಲೆ ಪುಸ್ತಕ ಎತ್ತಿಡುವ ಹೆಂಗಸಿಗೆ ಅಂಕಿ ಓದಲು ಬರುವುದಿಲ್ಲವೇ? ಅವಳು ಓದಿದಳು. ಆಮೇಲೆ ನಿಧಾನಕ್ಕೆ ಹಿಂದೆ ಸರಿದು ಗೋಡೆಯ ಮೇಲಿನ ಪಟ ನೋಡತೊಡಗಿದಳು. ಶಿವಲೀಲಾಳ ಕಿವಿ ಸುಟ್ಟಂತಾಯಿತು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

"ನೋವು ಖರೇನ ಐತ್ರಿ, ಅದು ಸುಳ್ಳಲ್ಲ" ಎಂದು ಸಹನಾ ದನಿ ತಗ್ಗಿಸಿದಳು. "ಆದ್ರ ಕಾರಣ ಮುಚ್ಚಿಟ್ರ ವಾಸಿ ಆಗೂದಿಲ್ಲ." ಹೆಬ್ಬೆರಳು ಅಲುಗದಂತೆ ಪಟ್ಟಿ ಕಟ್ಟಿ, ಕೆಲವು ವಾರ ಹಾಕಿಕೊಳ್ಳಲು ಹೇಳಿದಳು. ಫೋನನ್ನು ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಾಡಿಸುವುದು ಬೇಡ. ಮೇಜಿನ ಮೇಲೆ ಒರಗಿಸಿಟ್ಟೋ ಎಡಗೈಯಲ್ಲಿ ಹಿಡಿದೋ ಬಲಗೈ ತೋರುಬೆರಳಿನಿಂದ ಒತ್ತಬೇಕು. ಉದ್ದದ ಮಾತನ್ನು ಬಾಯಲ್ಲೇ ಹೇಳಿದರೆ ಫೋನು ಬರೆದುಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಳಗಿಡಬೇಕು. ಆಮೇಲೆ ಬಲಗೈಯನ್ನು ಮುಂದೆ ಚಾಚಿಸಿ, ಅಂಗೈ ಕೆಳಗೆ ಮಾಡಿಸಿ, ಅವಳ ಎಡಗೈಯಿಂದಲೇ ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಲು ಹೇಳಿದಳು. "ಇಪ್ಪತ್ತು ಎಣಸೂತನಾ ಹಿಡೀರಿ, ಮೂರು ಸಲ. ಜಗ್ಗಿದಂಗ ಅನಸಬೇಕು, ನೋವಾಗಬಾರದು. ಆಗ ಮುಷ್ಟಿ ಮಾಡಿಸಿದ್ನಲ್ಲ, ಅದು ಪರೀಕ್ಷಾಕ್ಕ. ಅದನ್ನ ಮನ್ಯಾಗ ಮಾಡಬ್ಯಾಡ್ರಿ. ಆರು ವಾರಕ್ಕೂ ತಗ್ಗದಿದ್ರ ಬರ್ರಿ, ಡಾಕ್ಟರ್ ಮತ್ತ ನೋಡ್ತಾರ."

ಚೀಟಿಯ ಮಾತನ್ನು ಶಿವಲೀಲಾ ಎತ್ತಲೇ ಇಲ್ಲ.

ಬಸ್ಸಿನಲ್ಲಿ ಜೋಹರಾಬಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಅರ್ಧ ದಾರಿ ಕಳೆದ ಮೇಲೆ ಶಿವಲೀಲಾ ಬಾಯಿಬಿಟ್ಟಳು. "ಅಕ್ಕಾ, ನಂದು ತಪ್ಪಾತು. ನೀ ಅಡಗಿ ಮಾಡೂ ಮುಂದ ನಾ ಒಳಗ ಕುಂತು ಅದನ್ನ ನೋಡ್ತಿದ್ದೆ. ಕೆಲಸ ಐತಿ ಅಂತಿದ್ದೆ."

ಜೋಹರಾಬಿ ತಿರುಗಲಿಲ್ಲ. "ಐದು ತಾಸು ಅಂದ್ರ ಗಂಗಾವತಿಗೆ ಹೋಗಿ ಬರಬಹುದಿತ್ತು ಟೀಚರ್. ದಿನಾ."



ಸೋಮವಾರದ ಸಭೆಯಲ್ಲಿ ದುರ್ಗಾದೇವಿ ಮನವಿ ಹರಡಿಕೊಂಡು ಕೂತಿದ್ದಳು. ಸುತ್ತ ಹದಿನಾಲ್ಕು ಟೀಚರುಗಳು. ಪಟ್ಟಿ ಕಟ್ಟಿದ ಕೈ ನೋಡಿ ಅಯ್ಯೋ ಎಂದರು. ಅವರ ಅಯ್ಯೋ ಕೇಳುವುದೇ ಅವಳಿಗೆ ಕಷ್ಟವಾಯಿತು.

"ನನ್ನ ಹೆಸರು ತೆಗೀರಿ ಅಕ್ಕೋರ. ನನ್ನ ಕೈ ಆ್ಯಪ್‌ನಿಂದ ಹೋಗಿಲ್ಲ. ವಿಡಿಯೋ ನೋಡಿ ನೋಡಿ ಹೋಗೇತಿ."

ಯಾರೋ ಕಿಸಕ್ಕನೆ ನಕ್ಕರು. ದುರ್ಗಾದೇವಿ ನಗಲಿಲ್ಲ. "ನಾಳೆ ಸಾಹೇಬ್ರು ನಿನ್ನ ಫೋನ್ ತೆಗಿಸಿ ನೋಡಿದ್ರ ನಮ್ಮೆಲ್ಲರ ಮಾತು ಮಣ್ಣಾಗತಿತ್ತಲ್ಲ, ಹುಚ್ಚಿ" ಎಂದು ಆ ಹೆಸರಿನ ಮೇಲೆ ಗೆರೆ ಎಳೆದಳು. ಆಮೇಲೆ ಪೆನ್ನು ಕೆಳಗಿಟ್ಟು ತನ್ನ ಮಣಿಕಟ್ಟನ್ನೇ ತಿಕ್ಕಿಕೊಳ್ಳುತ್ತ, "ಆಸ್ಪತ್ರ್ಯಾಗ ಏನು ಹೇಳಿಕೊಟ್ರು, ಒಮ್ಮಿ ತೋರಸು" ಎಂದಳು. ತಲೆ ತಗ್ಗಿಸಿಕೊಂಡೇ ಶಿವಲೀಲಾ ಕೈ ಚಾಚಿ ತೋರಿಸಿದಳು. ನಕ್ಕವಳೂ ಸೇರಿ ಏಳೆಂಟು ಕೈಗಳು ಮುಂದೆ ಬಂದವು.

ವಿಡಿಯೋ ಬಿಡುವುದು ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲ ವಾರ ಎರಡು ಸಲ ಎಡಗೈಯಲ್ಲಿ ನೋಡಿ, ಎಡ ಹೆಬ್ಬೆರಳೂ ಮಿಡಿಯತೊಡಗಿದಾಗ ತನ್ನ ಬಗ್ಗೆಯೇ ಹೇಸಿಕೆಯಾಯಿತು. ಆವತ್ತು ವಿಡಿಯೋ ಆ್ಯಪನ್ನೇ ತೆಗೆದುಹಾಕಿದಳು. ಫೋನನ್ನು ಹಾಜರಿ ಹೊತ್ತಿಗೆ ಮೇಜಿಗೆ ಒರಗಿಸಿ, ಉಳಿದ ಹೊತ್ತು ಕಪಾಟಿನಲ್ಲಿಟ್ಟಳು. ಐದನೆಯ ವಾರಕ್ಕೆ ಕೀಲಿ ತಿರುವಿದರೆ ನೋವಿರಲಿಲ್ಲ. ಭಾರ ಎತ್ತಿದರೆ ಮಾತ್ರ ಸಣ್ಣಗೆ ಚುರುಗುಟ್ಟುತ್ತಿತ್ತು.

ಆ ವಾರ ಅವಳೇ ಜೋಹರಾಬಿಯ ರಜೆ ಅರ್ಜಿ ಬರೆದಳು. ಎಂಟು ದಿನ.

"ಒಲಿ ಮ್ಯಾಲಿನ ಅಡಗಿ ಹಂಡೆ ಯಾರು ಇಳಸ್ತಾರ?" ಎಂದು ಜೋಹರಾಬಿ ಕೇಳಿದಳು.

"ಸಣ್ಣ ಬೋಗಾಣಿಯಾಗ ಎರಡು ಸಲ ಮಾಡ್ತೀನಿ. ಎರಡೂ ಕೈಲೆ ಇಳಸ್ತೀನಿ. ನೀ ಹೋಗು."

ಜೋಹರಾಬಿ ಅರ್ಜಿಗೆ ಸಹಿ ಹಾಕಿದಳು. ಮೊದಲಿನ ಹಾಗೆ ನಕ್ಕು ಮಾತಾಡಲಿಲ್ಲ. ಅದಕ್ಕಿನ್ನೂ ದಿನ ಹಿಡಿಯುವುದೆಂದು ಶಿವಲೀಲಾಳಿಗೂ ಗೊತ್ತಿತ್ತು. ಬಾಗಿಲ ತನಕ ಹೋದವಳು ಹಿಂತಿರುಗಿ, "ಬ್ಯಾಳಿ ತಳ ಹಿಡೀತದ, ಒಲಿ ಸಣ್ಣ ಇಡ್ರಿ" ಎಂದಷ್ಟೇ ಹೇಳಿ ಬಸ್ಸಿಗೆ ನಡೆದಳು.