ಅಕ್ಕ ಹೊಡೆದುಹಾಕಿದ ಸಾಲು

ಮನೆಯಲ್ಲೇ ಜೋಡಿಸಿಕೊಳ್ಳುವ ಬೀರುಗಳ ಕಂಪನಿಗೆ ಸೇರಿದ ಹುಡುಗಿ ಎರಡನೆಯ ದಿನದ ಸಂಜೆಯೊಳಗೆ ಸೇಲ್ಸೋ ಮಾರ್ಕೆಟಿಂಗೋ, ಯಾವುದು ಬೇಕೆಂದು ಹೇಳಬೇಕಿತ್ತು. ಎರಡೂ ಮಾರುವ ಕೆಲಸವೇ, ಮಾರ್ಕೆಟಿಂಗಿನಲ್ಲಿ ಬಿಸಿಲಿಲ್ಲ ಅಷ್ಟೇ ಎಂದುಕೊಂಡಿದ್ದಳು.

ಮೊದಲ ದಿನ ಮಾರ್ಕೆಟಿಂಗ್ ಕೋಣೆಯಲ್ಲಿ ಮೂರು ಮೀಟಿಂಗು. ಕರಪತ್ರದ ಒಂದು ಸಾಲನ್ನು ಯಾವ ಬಣ್ಣದಲ್ಲಿ ಅಚ್ಚು ಹಾಕಿದಾಗ ಎಷ್ಟು ಜನ ವಿಚಾರಿಸಿದರು ಎಂಬ ಅಂಕಿಗಳನ್ನು ನೋಡುತ್ತಲೇ ಸಂಜೆಯಾಯಿತು. ಒಬ್ಬ ಗಿರಾಕಿಯ ಮುಖವೂ ಕಾಣಲಿಲ್ಲ.

ಮರುದಿನ ಸೇಲ್ಸಿನ ಅಕ್ಕನ ಜೊತೆ ಒಂಬತ್ತು ಅಂಗಡಿ ಹತ್ತಿಳಿದಳು. ಆರು ಕಡೆ ಬೇಡವೆಂದರು, ಎರಡು ಕಡೆ ಮುಂದಿನ ವಾರ ಬನ್ನಿ ಎಂದರು, ಒಂದು ಕಡೆ ಆರ್ಡರ್ ಸಿಕ್ಕಿತು. ದಾರಿಯುದ್ದಕ್ಕೂ ಅಕ್ಕ ಅವಳನ್ನೇ ನೆರಳಿನ ಬದಿಗೆ ನಡೆಸಿದಳು. ಹತ್ತನೆಯ ಅಂಗಡಿಯ ಮೆಟ್ಟಿಲ ಮೇಲೆ ಕರಪತ್ರಗಳ ಹೊಸ ಕಟ್ಟು ಬಿಚ್ಚಿ ಪೆನ್ನು ತೆಗೆದು, ಒಂದೊಂದರಲ್ಲೂ ನಿನ್ನೆಯ ಅದೇ ಸಾಲನ್ನು ಹೊಡೆದುಹಾಕತೊಡಗಿದಳು: ‘ಹತ್ತೇ ನಿಮಿಷದಲ್ಲಿ ಜೋಡಿಸಿ.’

ಹುಡುಗಿ ಅವಳ ಕೈ ತಡೆದಳು.

“ಅಯ್ಯೋ ಅಕ್ಕಾ, ಇದೇನ್ ಮಾಡ್ತಿದೀರಿ?”

“ಒಂದು ಗಂಟೆ ಬೇಕು ಕಣೇ. ಬರೆಯೋರು ಅವರು, ಅಂಗಡಿಯೋರ ಹತ್ರ ಬೈಸ್ಕೊಳ್ಳೋಳು ನಾನು. ಮೂರು ವರ್ಷದಿಂದ ಹೊಡೆದುಹಾಕ್ತಿದೀನಿ.”

“ಮೂರು ವರ್ಷ! ಅವರಿಗೆ ಹೇಳಿಲ್ವಾ?”

“ಕೇಳಿದ್ರೆ ತಾನೇ ಹೇಳೋದು? ಕೇಳಿದವಳು ನೀನೇ ಮೊದಲು.”

ಆ ತಂಪು ಕೋಣೆಯಿಂದ ಸಾವಿರಾರು ಜನಕ್ಕೆ ಒಮ್ಮೆಗೇ ಹೋದ ಮಾತನ್ನು ಅಕ್ಕ ಇಲ್ಲಿ ಒಬ್ಬೊಬ್ಬರೆದುರು ನಿಂತು ಹಿಂದಕ್ಕೆ ಪಡೆಯುತ್ತಿದ್ದಳು.

ಸಂಜೆ ಹುಡುಗಿ ಮಾರ್ಕೆಟಿಂಗ್ ಎಂದಾಗ ಅಕ್ಕ ನಕ್ಕಳು. “ಬಿಸಿಲು ತಡೀಲಿಲ್ವಾ ಮಹಾರಾಣಿಗೆ?”

“ಅದಕ್ಕಲ್ಲ ಅಕ್ಕಾ. ಆ ಸಾಲನ್ನ ಅಲ್ಲೇ ಹೊಡೆದುಹಾಕಬೇಕು.”

ಅಕ್ಕ ತನ್ನ ಪೆನ್ನನ್ನು ಅವಳ ಕೈಗಿಟ್ಟಳು.